ನೂರಕ್ಕೆ ಒಂದೂಕಾಲು, ವರ್ಷಕ್ಕೆ ಹದಿನಾಲ್ಕು

ತಮ್ಮ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ಮನೆ ರಾಮನಗರದಲ್ಲಿ. ಅಕ್ಕ ಚನ್ನಪಟ್ಟಣದಲ್ಲಿದ್ದಾಳೆ, ಸಹಕಾರ ಬ್ಯಾಂಕೊಂದರ ಸಾಲದ ಮೇಜಿನಲ್ಲಿ ಬಹಳ ವರ್ಷ ಕೂತು ಬಂದವಳು. ಅಮ್ಮ ಕನಕಪುರದ ಕಡೆಯ ಊರಲ್ಲಿ ಈಗಲೂ ರೇಷ್ಮೆ ಹುಳು ಸಾಕುತ್ತಾರೆ. ಹುಳು ಮನೆಗೆ ಹೊಸ ಕಬ್ಬಿಣದ ಸ್ಟ್ಯಾಂಡು, ನೇತ್ರಿಕೆ, ಒಂದು ಪವರ್ ಸ್ಪ್ರೇಯರ್ ಬೇಕು. ಒಟ್ಟು ಒಂದು ಲಕ್ಷ.

ತಮ್ಮ: ಸೊಸೈಟಿ ಸಾಲ ಅಮ್ಮನ ಹೆಸರಲ್ಲಿ ಆಗಲೇ ಇದೆ ಅಕ್ಕ. ಚಿನ್ನ ಅಡ ಇಡೋದು ಅವಳಿಗೆ ಸುತಾರಾಂ ಇಷ್ಟ ಇಲ್ಲ. ಹಾಗಾಗಿ ನನ್ನ ಸಂಬಳದ ಮೇಲೇ ತಗೋಬೇಕು. ಎರಡು ದಾರಿ ಇದೆ. ಸಂಬಳದ ಖಾತೆ ಇರೋ ಬ್ಯಾಂಕಿನವರು ಪರ್ಸನಲ್ ಲೋನ್ ಕೊಡ್ತಾರೆ, ವರ್ಷಕ್ಕೆ 14 ಪರ್ಸೆಂಟ್. ಇಲ್ಲಾಂದ್ರೆ ರಾಮನಗರದ ಅಂಗಡೀಲೇ ಕಾರ್ಡ್ ಉಜ್ಜಿ ಕಂತಿಗೆ ಹಾಕಿಸ್ಕೋಬಹುದು, ತಿಂಗಳಿಗೆ ಒಂದೂಕಾಲು ಪರ್ಸೆಂಟ್ ಅಂತ ಮೆಸೇಜ್ ಬಂದಿದೆ. ಊರಲ್ಲಿ ಕೈಸಾಲಕ್ಕೆ ನೂರಕ್ಕೆ ಎರಡು, ಮೂರು ಅಂತಾರೆ. ಅದಕ್ಕೆ ಹೋಲಿಸಿದ್ರೆ ಒಂದೂಕಾಲು ಏನೇನೂ ಅಲ್ಲ.

ಅಕ್ಕ: ರೇಷ್ಮೆ ಇಲಾಖೆಯ ಸಹಾಯಧನಕ್ಕೆ ಅಮ್ಮ ಅರ್ಜಿ ಹಾಕಬಹುದಾ ಅಂತ ಮೊದಲು ವಿಚಾರಿಸು. ಅದು ಸಿಕ್ಕಿದ್ರೆ ಸಾಲದ ಮೊತ್ತವೇ ಕಮ್ಮಿ ಆಗುತ್ತೆ. ಈಗ ಬಡ್ಡಿಗೆ ಬರೋಣ. ಒಂದೂಕಾಲನ್ನ ಹನ್ನೆರಡರಿಂದ ಗುಣಿಸಿದ್ರೆ ವರ್ಷಕ್ಕೆ 15. ಬ್ಯಾಂಕಿನದು 14. ಮೇಲ್ನೋಟಕ್ಕೆ ಒಂದು ಪರ್ಸೆಂಟ್ ವ್ಯತ್ಯಾಸ. ಆದ್ರೆ ಆ ಎರಡು ಅಂಕಿಗಳನ್ನ ಹಾಗೇ ಪಕ್ಕಪಕ್ಕ ಇಟ್ಟು ನೋಡೋಕೆ ಆಗಲ್ಲ. ಪ್ರೊಸೆಸಿಂಗ್ ಫೀ ಎಷ್ಟು ಅಂತ ಕೇಳಿದೆಯಾ?

ತಮ್ಮ: ಲೋನ್‌ಗೆ ಎರಡು ಪರ್ಸೆಂಟ್. ಕಾರ್ಡ್‌ಗೆ ಬರೀ 199 ರೂಪಾಯಿ. ಅದಕ್ಕೇ ಕಾರ್ಡೇ ವಾಸಿ ಅನ್ನಿಸ್ತು.

ಅಕ್ಕ: ಫೀ ಮೇಲೆ ನೂರಕ್ಕೆ 18 ಜಿಎಸ್‌ಟಿ ಬೀಳುತ್ತೆ. ಲೋನ್‌ಗೆ 2,000 ಫೀ, 360 ತೆರಿಗೆ, ಒಟ್ಟು 2,360. ಅದನ್ನ ಮೊದಲೇ ಹಿಡ್ಕೊಂಡು ನಿನ್ನ ಖಾತೆಗೆ 97,640 ಹಾಕ್ತಾರೆ. ಕಂತು ಮಾತ್ರ ಪೂರ್ತಿ ಒಂದು ಲಕ್ಷದ ಮೇಲೆ. ಕಾರ್ಡ್‌ನಲ್ಲಿ ಫೀ ತೆರಿಗೆ ಸೇರಿ 235. ಇಲ್ಲೀವರೆಗೆ ನೀನು ಹೇಳಿದ್ದು ಸರಿ. ಆದ್ರೆ ಜಿಎಸ್‌ಟಿ ಕಾರ್ಡ್‌ನಲ್ಲಿ ಫೀಗೆ ಮಾತ್ರ ನಿಲ್ಲಲ್ಲ, ಬಡ್ಡಿ ಮೇಲೂ ಬೀಳುತ್ತೆ.

ತಮ್ಮ: ಬಡ್ಡಿಗೂ ತೆರಿಗೆಯಾ? ಲೋನ್‌ಗೂ ಹಾಗೇನಾ?

ಅಕ್ಕ: ಇಲ್ಲ. ಸಾಲದ ಬಡ್ಡಿಗೆ ಜಿಎಸ್‌ಟಿ ವಿನಾಯಿತಿ ಇದೆ. ಆದ್ರೆ ಆ ವಿನಾಯಿತಿ ಕೊಟ್ಟ 2017ರ ಅಧಿಸೂಚನೆಯಲ್ಲೇ ಕ್ರೆಡಿಟ್ ಕಾರ್ಡ್ ಸೇವೆಯ ಬಡ್ಡಿಯನ್ನ ಹೊರಗೆ ಇಟ್ಟಿದ್ದಾರೆ. ಹಾಗಾಗಿ ಕಾರ್ಡ್ ಕಂತಿನ ಒಳಗಿರೋ ಬಡ್ಡಿ ಭಾಗಕ್ಕೆ ಪ್ರತಿ ತಿಂಗಳೂ ನೂರಕ್ಕೆ 18 ಸೇರುತ್ತೆ. ಇದನ್ನ ಮೆಸೇಜ್‌ನಲ್ಲಿ ಹೇಳಿರಲ್ಲ, ಸ್ಟೇಟ್‌ಮೆಂಟ್‌ನಲ್ಲಿ ಬೇರೆ ಸಾಲಾಗಿ ಬರುತ್ತೆ. ಎರಡು ವರ್ಷದ ಕಂತು ಅಂತ ಇಟ್ಕೋ. ಕಂತು 4,849 ಅಂತ ತೋರಿಸ್ತಾರೆ. ಮೊದಲ ತಿಂಗಳ ಬಡ್ಡಿ 1,250, ಅದಕ್ಕೆ ತೆರಿಗೆ 225. ಫೀ 235. ಮೊದಲ ಬಿಲ್ ಬರೋದು 5,309ಕ್ಕೆ. ಎರಡನೇ ತಿಂಗಳು ಬಡ್ಡಿ 1,205 ಆಗುತ್ತೆ, ತೆರಿಗೆ 217. ಹೀಗೇ ಇಳೀತಾ ಹೋಗಿ ಕೊನೇ ಕಂತಿನಲ್ಲಿ ತೆರಿಗೆ 11 ರೂಪಾಯಿಗೆ ಬಂದು ನಿಲ್ಲುತ್ತೆ.

ತಮ್ಮ: ಹಾಗಾದ್ರೆ ಕಾರ್ಡ್‌ನ ನಿಜವಾದ ಬಡ್ಡಿ ಎಷ್ಟಾಯ್ತು?

ಅಕ್ಕ: ಇದು ಬಾಯಲ್ಲೇ ಆಗೋ ಲೆಕ್ಕ. ಯಾವ ತಿಂಗಳು ಬಾಕಿ ಅಸಲಿನ ಮೇಲೆ ಎಷ್ಟು ಬಡ್ಡಿ ಬೀಳುತ್ತೋ, ಅದರ ಜೊತೆ ಅದರದ್ದೇ ನೂರಕ್ಕೆ 18 ಸೇರುತ್ತೆ. ಅಂದ್ರೆ ದರವನ್ನೇ 1.18ರಿಂದ ಗುಣಿಸಿದ ಹಾಗೆ. 15 ಅನ್ನೋದು 17.7 ಆಯ್ತು. ಅವಧಿ ಆರು ತಿಂಗಳಿರಲಿ, ಮೂರು ವರ್ಷವಿರಲಿ, ಈ 17.7 ಹಾಗೇ ಇರುತ್ತೆ. ಇದನ್ನ ನೆನಪಲ್ಲಿಟ್ಕೋ, ಮುಂದೆ ಬೇಕಾಗುತ್ತೆ.

ತಮ್ಮ: ಲೋನಿನದು 14, ಕಾರ್ಡಿನದು 17.7. ಹಾಗಾದ್ರೆ ಲೋನೇ ಅಂತ ತೀರ್ಮಾನ ಆಯ್ತಲ್ಲ.

ಅಕ್ಕ: ಆ 2,360ನ ಮರೆತುಬಿಟ್ಟೆ. ಅದನ್ನೂ ಬಡ್ಡಿಯಾಗಿ ಬಿಡಿಸಬೇಕು. ಸಾಲ ಒಂದು ಲಕ್ಷವಾಗೇ ಎರಡು ವರ್ಷ ನಿನ್ನ ಹತ್ರ ಇರಲ್ಲ. ಪ್ರತಿ ಕಂತಿನಲ್ಲೂ ಅಸಲು ಒಂದಿಷ್ಟು ವಾಪಸ್ ಹೋಗ್ತಾ ಇರುತ್ತೆ. ಇಪ್ಪತ್ನಾಲ್ಕು ಕಂತಿನ ಸಾಲದಲ್ಲಿ ಒಂದೊಂದು ರೂಪಾಯಿಯೂ ಸರಾಸರಿ ಹನ್ನೆರಡೂವರೆ ತಿಂಗಳಷ್ಟೇ ನಿನ್ನ ಕೈಲಿರುತ್ತೆ. ಕಂತುಗಳ ಸಂಖ್ಯೆಗೆ ಒಂದು ಸೇರಿಸಿ ಎರಡರಿಂದ ಭಾಗಿಸಿದ್ರೆ ಈ ಸರಾಸರಿ ಹೆಚ್ಚೂಕಮ್ಮಿ ಸಿಗುತ್ತೆ. ಹನ್ನೆರಡೂವರೆ ತಿಂಗಳಿಗೆ ನೂರಕ್ಕೆ 2.36 ಕೊಟ್ಟೆ ಅಂದ್ರೆ ವರ್ಷಕ್ಕೆ ಸುಮಾರು 2.3. ಹದಿನಾಲ್ಕಕ್ಕೆ ಅದನ್ನ ಸೇರಿಸು.

ತಮ್ಮ: 16.3. ಆದರೂ ಕಾರ್ಡ್‌ಗಿಂತ ಕಮ್ಮಿನೇ.

ಅಕ್ಕ: ಎರಡು ವರ್ಷಕ್ಕೆ ಕಮ್ಮಿ. ಈಗ ಅದೇ ಲೋನನ್ನ ಒಂದು ವರ್ಷಕ್ಕೆ ಹಾಕು. ಸರಾಸರಿ ಆರೂವರೆ ತಿಂಗಳು. ಅದೇ 2,360ನ ಆರೂವರೆ ತಿಂಗಳಿಗೆ ಹಂಚಿದ್ರೆ ವರ್ಷಕ್ಕೆ ಸುಮಾರು 4.4 ಆಗುತ್ತೆ.

ತಮ್ಮ: ಅಂದ್ರೆ 18.4! ಕಾರ್ಡ್‌ನ 17.7ನೂ ದಾಟ್ತು.

ಅಕ್ಕ: ಕಾರ್ಡ್‌ನ 235 ರೂಪಾಯಿ ಫೀಯನ್ನೂ ಸೇರಿಸಬೇಕು, ಒಂದು ವರ್ಷಕ್ಕೆ ಅದು ಅರ್ಧ ಪರ್ಸೆಂಟಿನ ಹತ್ತಿರ. ಇದೆಲ್ಲ ಅಂದಾಜು. ಸರಿಯಾದ ಅಂಕಿ ಬೇಕಂದ್ರೆ ನಿನ್ನ ಫೋನಲ್ಲಿರೋ ಶೀಟ್ಸ್ ತೆಗಿ. ಕೈಗೆ ಬಂದ ದುಡ್ಡು, ಕಂತು, ಎಷ್ಟು ಕಂತು ಅನ್ನೋ ಮೂರೇ ಸಾಕು.

```
=RATE(24,-4801,97640)*12
=RATE(12,-8979,97640)*12
```

ಮೂರನೇ ಜಾಗದಲ್ಲಿ ಒಂದು ಲಕ್ಷ ಹಾಕಬೇಡ. ಫೀ ಕಳೆದು ಖಾತೆಗೆ ನಿಜವಾಗಿ ಬೀಳೋ ದುಡ್ಡು ಹಾಕು.

ತಮ್ಮ: ಮೊದಲನೇದು 0.164 ಅಂತ ಬಂತು. ಎರಡನೇದು 0.186.

ಅಕ್ಕ: ಎರಡು ವರ್ಷಕ್ಕೆ 16.4, ಒಂದು ವರ್ಷಕ್ಕೆ 18.6. ಕಾರ್ಡ್‌ನಲ್ಲಿ ತೆರಿಗೆಯಿಂದಾಗಿ ಪ್ರತಿ ತಿಂಗಳ ಮೊತ್ತ ಬೇರೆ ಬೇರೆ, ಅದಕ್ಕೆ ಮೊದಲು ಸಾಲದ ಮೊತ್ತ, ಅದರ ಕೆಳಗೆ ಕಟ್ಟೋ ಮೊತ್ತಗಳನ್ನೆಲ್ಲ ಮೈನಸ್ ಹಾಕಿ ಒಂದರ ಕೆಳಗೊಂದು ಬರೆದು, `IRR` ಹಾಕಿ ಹನ್ನೆರಡರಿಂದ ಗುಣಿಸಬೇಕು. ಹಾಗೆ ಮಾಡಿದ್ರೆ ಒಂದು ವರ್ಷಕ್ಕೆ 18.2, ಎರಡು ವರ್ಷಕ್ಕೆ 18ಕ್ಕಿಂತ ಕೂದಲೆಳೆಯಷ್ಟು ಕಮ್ಮಿ ಬರುತ್ತೆ. ಲೋನಿನ ದರ ಅವಧಿ ಉದ್ದ ಆದಂತೆ ಇಳಿಯುತ್ತೆ, ಕಾರ್ಡಿನದು ಹೆಚ್ಚೂಕಮ್ಮಿ ಇದ್ದಲ್ಲೇ ಇರುತ್ತೆ. ಯಾಕಂದ್ರೆ ಲೋನಿನ ಹೆಚ್ಚುವರಿ ಖರ್ಚು ಒಂದೇ ಸಲ ಬೀಳೋದು, ಕಾರ್ಡಿನದು ಬಡ್ಡಿಗೇ ಅಂಟಿಕೊಂಡಿರೋದು.

ತಮ್ಮ: ರೂಪಾಯಿ ಲೆಕ್ಕದಲ್ಲಿ ಹೇಳು ಅಕ್ಕ, ಪರ್ಸೆಂಟು ನನ್ನ ತಲೇಲಿ ನಿಲ್ಲಲ್ಲ.

ಅಕ್ಕ: ಒಂದು ವರ್ಷಕ್ಕಾದ್ರೆ ಲೋನಿಗೆ ಬಡ್ಡಿ 7,745, ಫೀ ಸೇರಿ 10,105. ಕಾರ್ಡಿಗೆ ಬಡ್ಡಿ, ತೆರಿಗೆ, ಫೀ ಎಲ್ಲ ಸೇರಿ 10,041. ಅರವತ್ನಾಲ್ಕು ರೂಪಾಯಿ ವ್ಯತ್ಯಾಸ, ಯಾವುದಾದ್ರೂ ಒಂದೇ. ಎರಡು ವರ್ಷಕ್ಕಾದ್ರೆ ಲೋನಿಗೆ 17,591, ಕಾರ್ಡಿಗೆ 19,549. ಹತ್ತಿರ ಹತ್ತಿರ ಎರಡು ಸಾವಿರ ಕಾರ್ಡಿಗೆ ಜಾಸ್ತಿ.

ತಮ್ಮ: ಒಂದು ನಿಮಿಷ. ಒಂದು ವರ್ಷದ ಲೋನಿಗೆ ದರ 18.6, ಖರ್ಚು ಹತ್ತು ಸಾವಿರ. ಎರಡು ವರ್ಷದ್ದಕ್ಕೆ ದರ 16.4 ಅಂದೆ, ಖರ್ಚು ಮಾತ್ರ ಹದಿನೇಳೂವರೆ. ದರ ಕಮ್ಮಿ ಇದ್ದ ಕಡೆ ಖರ್ಚು ಜಾಸ್ತಿ ಹೇಗಾಯ್ತು?

ಅಕ್ಕ: ಎರಡು ವರ್ಷದ್ದರಲ್ಲಿ ಬೇರೆಯವರ ದುಡ್ಡು ಇನ್ನೊಂದು ವರ್ಷ ಹೆಚ್ಚಿಗೆ ನಿನ್ನ ಹತ್ರ ಇರುತ್ತೆ, ಅದರ ಬಾಡಿಗೆ ಅದು. ಒಟ್ಟು ರೂಪಾಯಿಯನ್ನ ಒಂದೇ ಅವಧಿಯ ಎರಡು ಸಾಲಗಳ ನಡುವೆ ಮಾತ್ರ ಹೋಲಿಸು. ಅವಧಿ ಬೇರೆ ಬೇರೆ ಆದಾಗ ದರವನ್ನೇ ನೋಡಬೇಕು. ಅದರ ಜೊತೆಗೆ ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ ಅನ್ನೋದು. ಒಂದು ವರ್ಷದ್ದಕ್ಕೆ ತಿಂಗಳಿಗೆ ಒಂಬತ್ತು ಸಾವಿರ ಬೇಕು. ಕಟ್ಟಬಲ್ಲೆಯಾ?

ತಮ್ಮ: ಬಾಡಿಗೆ, ಮಗೂ ಫೀಸು ಎಲ್ಲ ಕಳೆದ್ರೆ ಐದು ಸಾವಿರದ ಮೇಲೆ ಕಷ್ಟ.

ಅಕ್ಕ: ಹಾಗಾದ್ರೆ ಅವಧಿ ಎರಡು ವರ್ಷವೇ. ಮೊದಲು ನಿನಗೆ ಕಟ್ಟೋಕಾಗೋ ಅವಧಿ ಗೊತ್ತುಮಾಡ್ಕೋಬೇಕು, ಆಮೇಲೆ ಆ ಅವಧಿಗೇ ಎರಡನ್ನೂ ತೂಗಬೇಕು. ಕಾರ್ಡಿನವರು ಒಂದು ವರ್ಷದ್ದು ತೋರಿಸಿ, ಲೋನಿನವರು ಮೂರು ವರ್ಷದ್ದು ತೋರಿಸಿ ಕಂತು ಹೇಳಿದ್ರೆ ಎರಡನ್ನೂ ಬದಿಗಿಟ್ಟು, ಇಪ್ಪತ್ನಾಲ್ಕು ತಿಂಗಳಿಗೆ ಹೇಳಿ ಅಂತ ಕೇಳು.

ತಮ್ಮ: ಆದ್ರೆ ಗೂಡಿನ ರೇಟು ಚೆನ್ನಾಗಿ ಸಿಕ್ಕಿದ್ರೆ ಆರೇ ತಿಂಗಳಿಗೆ ಸಾಲ ತೀರಿಸಿಬಿಡೋಣ ಅಂತಾಳೆ ಅಮ್ಮ. ಎರಡು ಬೆಳೆ ಒಳ್ಳೇದಾಗಿ, ರಾಮನಗರ ಮಾರ್ಕೆಟ್‌ನಲ್ಲಿ ಹರಾಜು ಏರಿದ್ರೆ ಆಗದೇ ಇರೋ ಮಾತೇನಲ್ಲ.

ಅಕ್ಕ: ಹಾಗೇನಾದ್ರೂ ಆದ್ರೆ ಲೆಕ್ಕ ಪೂರ್ತಿ ತಿರುಗುತ್ತೆ. ಎರಡು ವರ್ಷಕ್ಕೆ ಹಂಚಿಹೋಗಬೇಕಾಗಿದ್ದ 2,360 ಫೀ ಆರೇ ತಿಂಗಳಿಗೆ ಬೀಳುತ್ತೆ, ಬ್ಯಾಂಕ್ ಅದನ್ನ ವಾಪಸ್ ಕೊಡಲ್ಲ. ಅದರ ಮೇಲೆ ಮುಂಚೆ ತೀರಿಸೋ ಶುಲ್ಕ. ನಿನ್ನ ಲೋನಿಗೆ ಎಷ್ಟು?

ತಮ್ಮ: ಬಾಕಿ ಅಸಲಿನ ಮೇಲೆ ನಾಲ್ಕು ಪರ್ಸೆಂಟ್ ಅಂದ್ರು. ಕಾರ್ಡಿಗೆ ಮೂರು.

ಅಕ್ಕ: ಎರಡಕ್ಕೂ ಜಿಎಸ್‌ಟಿ ಬೇರೆ. ಆರು ಕಂತು ಕಟ್ಟಿದ ಮೇಲೆ ಲೋನಿನ ಬಾಕಿ ಇನ್ನೂ 77,546 ಇರುತ್ತೆ. ಅದರ ಮೇಲೆ ಶುಲ್ಕ, ತೆರಿಗೆ ಸೇರಿ 3,660. ಅಷ್ಟರಲ್ಲಿ ಕಟ್ಟಿರೋ ಬಡ್ಡಿ 6,354, ಫೀ 2,360. ಆರು ತಿಂಗಳ ಸಾಲಕ್ಕೆ ಒಟ್ಟು 12,374 ಕೊಟ್ಟ ಹಾಗಾಯ್ತು. ಕಾರ್ಡ್‌ನಲ್ಲಿ ಇದೇ ಲೆಕ್ಕ 11,027ಕ್ಕೆ ನಿಲ್ಲುತ್ತೆ. ಪೂರ್ತಿ ಅವಧಿಗೆ ಎರಡು ಸಾವಿರ ಅಗ್ಗ ಆಗಿದ್ದ ಲೋನು ಆರೇ ತಿಂಗಳಿಗೆ ತೀರಿಸಿದ್ರೆ ಒಂದು ಸಾವಿರದ ಮುನ್ನೂರು ದುಬಾರಿ ಆಯ್ತು.

ತಮ್ಮ: ಹಾಗಾದ್ರೆ ಬೇಗ ತೀರಿಸೋದೇ ತಪ್ಪಾ?

ಅಕ್ಕ: ತಪ್ಪಲ್ಲ, ಆದ್ರೆ ಲೆಕ್ಕ ಹಾಕಿ ತೀರಿಸಬೇಕು. ಆರನೇ ತಿಂಗಳಲ್ಲಿ ಮುಂದಕ್ಕೆ ಉಳಿದಿರೋ ಬಡ್ಡಿ ಎಷ್ಟು ಗೊತ್ತಾ? 15,231ರಲ್ಲಿ 6,354 ಕಳೆದ್ರೆ 8,877. ಅದನ್ನ ಉಳಿಸೋಕೆ 3,660 ಶುಲ್ಕ ಕಟ್ತೀಯ, ಅಂದ್ರೆ ಐದು ಸಾವಿರ ಉಳಿಯುತ್ತೆ. ಅಮ್ಮನ ಗೂಡಿನ ದುಡ್ಡಿಗೆ ಬೇರೆ ತುರ್ತು ಇಲ್ಲದಿದ್ರೆ ತೀರಿಸು. ಹದಿನೆಂಟನೇ ತಿಂಗಳಲ್ಲಿ ತೀರಿಸೋಕೆ ಹೊರಟರೆ ಮುಂದಿನ ಬಡ್ಡಿಯೇ ಕೊಂಚ ಉಳಿದಿರುತ್ತೆ, ಆಗ ಶುಲ್ಕ ಕಟ್ಟಿ ಮುಚ್ಚೋದಕ್ಕೆ ಅರ್ಥ ಇರಲ್ಲ. ಇನ್ನೊಂದು ವಿಷಯ ಕೇಳ್ಕೊಂಡು ಬಾ. ಇಷ್ಟು ಕಂತಾದ ಮೇಲೆ ಭಾಗಶಃ ಅಸಲು ಕಟ್ಟಿದ್ರೆ ಶುಲ್ಕ ಇಲ್ಲ ಅಂತ ಕೆಲವು ಬ್ಯಾಂಕ್‌ಗಳು ಬಿಡ್ತಾವೆ. ರೇಷ್ಮೆ ಮನೆಗೆ ಅದೇ ಹೊಂದೋದು. ಬೆಳೆ ಬೆಳೆಗೂ ದುಡ್ಡು ಬರುತ್ತೆ, ಒಂದು ಬೆಳೆ ಕೈಕೊಟ್ರೆ ಬರಲ್ಲ.

ತಮ್ಮ: ಬೆಳೆ ಕೈಕೊಟ್ರೂ ಕಂತು ನನ್ನ ಸಂಬಳದಿಂದಲೇ ಹೋಗೋದು, ಅದಕ್ಕೆ ತೊಂದರೆ ಇಲ್ಲ.

ಅಕ್ಕ: ಸಂಬಳ ತಡ ಆದ್ರೆ? ಈ ವಿಷಯದಲ್ಲಿ ಕಾರ್ಡಿಗೂ ಲೋನಿಗೂ ದೊಡ್ಡ ಅಂತರ ಇದೆ, ಬಡ್ಡಿ ದರದಲ್ಲಿ ಅದು ಕಾಣಲ್ಲ.

ತಮ್ಮ: ನಮ್ಮ ಶಿಫ್ಟ್‌ನಲ್ಲಿ ಮಾಗಡಿಯವನೊಬ್ಬ ಇದ್ದಾನೆ, ಕಾರ್ಡ್ ಕಂತಲ್ಲಿ ಫ್ರಿಜ್ ತಗೊಂಡಿದ್ದ. ಒಂದು ತಿಂಗಳು ಬಿಲ್ ಪೂರ್ತಿ ಕಟ್ಟೋಕಾಗದೆ ಕನಿಷ್ಠ ಮೊತ್ತ ಅಂತ ಇರುತ್ತಲ್ಲ, ಅಷ್ಟೇ ಕಟ್ಟಿದ. ಆಮೇಲೆ ಎರಡು ಮೂರು ತಿಂಗಳು ಬಿಲ್ ಏರ್ತಾನೇ ಹೋಯ್ತು ಅಂತಿದ್ದ. ಯಾಕೆ ಅಂತ ಅವನಿಗೂ ಗೊತ್ತಾಗಿರಲಿಲ್ಲ.

ಅಕ್ಕ: ಕಾರ್ಡ್‌ನ ಕಂತು ಬೇರೆಯಾಗಿ ಬರಲ್ಲ. ಆ ತಿಂಗಳ ದಿನಸಿ, ಪೆಟ್ರೋಲು, ರೀಚಾರ್ಜು ಎಲ್ಲದರ ಜೊತೆ ಒಂದೇ ಬಿಲ್ಲಿನಲ್ಲಿ ಬರುತ್ತೆ. ಆ ಬಿಲ್ಲನ್ನ ಪೂರ್ತಿ ಕಟ್ಟದಿದ್ರೆ ಉಳಿದ ಬಾಕಿಗೆ ಕಂತಿನ ದರ ಅನ್ವಯ ಆಗಲ್ಲ, ಕಾರ್ಡಿನ ಮಾಮೂಲಿ ದರ ಬೀಳುತ್ತೆ. ಹಲವು ಕಾರ್ಡ್‌ಗಳಲ್ಲಿ ಅದು ತಿಂಗಳಿಗೇ ಮೂರೂವರೆಯ ಆಸುಪಾಸು, ಅದರ ಮೇಲೆ ಮತ್ತೆ ಜಿಎಸ್‌ಟಿ. ಜೊತೆಗೆ ಹೊಸದಾಗಿ ಕೊಂಡ ವಸ್ತುಗಳಿಗೆ ಸಿಗ್ತಿದ್ದ ಬಡ್ಡಿ ಇಲ್ಲದ ದಿನಗಳೂ ಹೋಗಿಬಿಡ್ತಾವೆ, ಮಾರನೇ ದಿನದ ಹಾಲಿನ ದುಡ್ಡಿಗೂ ಬಡ್ಡಿ ಶುರು. ಅವನ ಬಿಲ್ ಏರಿದ್ದು ಅದರಿಂದಲೇ ಇರಬೇಕು. ಲೋನಿನ ಕಂತು ತಪ್ಪಿದ್ರೆ ದಂಡ ಇದೆ, ಸಿಬಿಲ್ ಸ್ಕೋರಿಗೂ ಪೆಟ್ಟು ಬೀಳುತ್ತೆ. ಆದ್ರೆ ಅದು ನಿನ್ನ ದಿನಸಿ ಖರ್ಚಿಗೆ ಹರಡಲ್ಲ.

ತಮ್ಮ: ಅಂಗಡಿಯವನು ನೋ ಕಾಸ್ಟ್ ಇಎಂಐನೂ ಮಾಡಿಸಿಕೊಡ್ತೀನಿ ಅಂದ, ಆರು ತಿಂಗಳಿಗೆ. ಅದು ನನ್ನ ಕೈಲಾಗಲ್ಲ, ಬಿಡು.

ಅಕ್ಕ: ಅದು ಬೇಡವಾದ್ರೂ ಅದರಿಂದ ಒಂದು ಪಾಠ ಇದೆ. ಅಲ್ಲಿ ಬಡ್ಡಿಯನ್ನ ಅಂಗಡಿಯೋ ಕಂಪನಿಯೋ ರಿಯಾಯಿತಿ ಅಂತ ಮೊದಲೇ ಕಳೆದಿರುತ್ತೆ. ಬಡ್ಡಿಯನ್ನ ಬಚ್ಚಿಟ್ಟು ಬಡ್ಡಿಯಿಲ್ಲ ಅಂತ ಹೇಳಬಾರದು, ಅಸಲು, ಬಡ್ಡಿ, ರಿಯಾಯಿತಿ ಮೂರನ್ನೂ ಬೇರೆ ಬೇರೆ ತೋರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮದಲ್ಲೇ ಇದೆ. ಕಾರ್ಡ್‌ನಲ್ಲಿ ರಿಯಾಯಿತಿ ಕೊಡೋಕೆ ಅಂಗಡಿಯವರ ಹತ್ರ ಅಷ್ಟು ಅವಕಾಶ ಇದ್ದ ಮೇಲೆ, ನೇರ ದುಡ್ಡು ಕೊಟ್ರೆ ಎಷ್ಟಕ್ಕೆ ಕೊಡ್ತಾರೆ ಅಂತ ಕೇಳಿದೆಯಾ?

ತಮ್ಮ: ಕೇಳಿದೆ. ಕಾರ್ಡ್ ಉಜ್ಜಿದ್ರೆ ಒಂದು ಲಕ್ಷ, ಖಾತೆಗೆ ಹಾಕಿದ್ರೆ 97 ಸಾವಿರಕ್ಕೆ ಕೊಡ್ತೀನಿ ಅಂದ. ಇದಕ್ಕೂ ಬಡ್ಡಿಗೂ ಸಂಬಂಧ ಇಲ್ಲ ಅಂತ ನಿನಗೆ ಹೇಳಲಿಲ್ಲ.

ಅಕ್ಕ: ಇವತ್ತು ನೀನು ಹೇಳಿದ್ದರಲ್ಲೆಲ್ಲ ಮುಖ್ಯವಾದದ್ದೇ ಅದು! ಲೋನು ತಗೊಂಡ್ರೆ ದುಡ್ಡು ನಿನ್ನ ಖಾತೆಗೆ ಬರುತ್ತೆ, 97 ಸಾವಿರದ ಬೆಲೆ ನಿನಗೆ ಸಿಗುತ್ತೆ. ಕೈಗೆ ಬರೋದು 97,640. ಅಷ್ಟಕ್ಕೇ ಸಾಮಾನು ಬಂದು ಇನ್ನೂ ಆರುನೂರು ಉಳಿಯುತ್ತೆ, ಫೀ ಕಳೆದ ದುಡ್ಡಿಗೆ ಬೇರೆ ಕಡೆ ಹುಡುಕಬೇಕಾಗಿಲ್ಲ. ಕಾರ್ಡಿನಲ್ಲಾದ್ರೆ 97 ಸಾವಿರದ ಸಾಮಾನಿಗೆ ಒಂದು ಲಕ್ಷದ ಕಂತು ಕಟ್ತೀಯ. ಆ ಮೂರು ಸಾವಿರವೂ ಬಡ್ಡಿಯೇ. ಅದನ್ನ ಸೇರಿಸಿ `IRR` ಹಾಕಿದ್ರೆ ಎರಡು ವರ್ಷದ ಕಾರ್ಡ್ ಕಂತಿನ ದರ 21 ದಾಟುತ್ತೆ. ಲೋನಿನದು 16.4ರಲ್ಲೇ ಇರುತ್ತೆ.

ತಮ್ಮ: ಒಂದೂಕಾಲು ಅಂತ ಶುರುವಾಗಿದ್ದು 21ಕ್ಕೆ ಬಂತಲ್ಲ! ಆರು ತಿಂಗಳಿಗೆ ತೀರಿಸಿದ್ರೂ ಈಗ ಲೋನೇ ವಾಸಿ, ಅಲ್ವಾ?

ಅಕ್ಕ: ಹೌದು. ಆಗ ಲೋನು ಒಂದು ಸಾವಿರದ ಮುನ್ನೂರು ದುಬಾರಿ ಅಂದೆನಲ್ಲ, ಮೂರು ಸಾವಿರ ಉಳಿಯೋದರಲ್ಲಿ ಅದು ಮುಚ್ಚಿಹೋಗುತ್ತೆ. ಆದ್ರೆ ಆ ಅಂಗಡಿ ಎರಡಕ್ಕೂ ಒಂದೇ ಬೆಲೆ ಹೇಳಿದ್ದಿದ್ರೆ, ಅಮ್ಮ ಖಂಡಿತ ಬೇಗ ತೀರಿಸ್ತಾಳೆ ಅನ್ನೋ ಹಾಗಿದ್ರೆ, ನಾನು ಕಾರ್ಡೇ ಅಂತಿದ್ದೆ.

ತಮ್ಮ: ಬ್ಯಾಂಕಿನವರ ಮಾತು ನಂಬಿ ಹಾಕಿದ ಲೆಕ್ಕ ಈ 16.4 ಅನ್ನೋದು. ಅವರು ಬೇರೆ ಏನಾದ್ರೂ ಸೇರಿಸಿದ್ರೆ?

ಅಕ್ಕ: ಸಹಿ ಹಾಕೋ ಮೊದಲು ಕೆಎಫ್‌ಎಸ್ ಕೊಡಿ ಅಂತ ಕೇಳು. ಸಾಲದ ಮುಖ್ಯ ಷರತ್ತುಗಳ ಪಟ್ಟಿ ಅದು. 2024ರ ಅಕ್ಟೋಬರ್ 1ರಿಂದ ಹೊಸ ಪರ್ಸನಲ್ ಲೋನ್‌ಗಳಿಗೆ ಅದನ್ನ ಕೊಡಲೇಬೇಕು, ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತೆ. ಫೀ ಎಲ್ಲ ಸೇರಿಸಿ ಬರೋ ವಾರ್ಷಿಕ ದರ ಅದು, ನಾವೀಗ ಶೀಟ್ಸಿನಲ್ಲಿ ಹಾಕಿದ್ದೂ ಅದನ್ನೇ. ನಮ್ಮದು 16.4 ಬಂದಿದೆ, ಅವರದ್ದು 18 ಇದ್ರೆ ಒಳಗೆ ಇನ್ನೇನೋ ಸೇರಿದೆ ಅಂತ ಅರ್ಥ. ಹೆಚ್ಚಾಗಿ ಅದು ಸಾಲದ ಜೊತೆ ಕಟ್ಟಿಕೊಟ್ಟಿರೋ ವಿಮೆ ಆಗಿರುತ್ತೆ. ಕಡ್ಡಾಯವಾ ಅಂತ ಕೇಳು, ಬೇಡ ಅನ್ನು. ಆ ಪಟ್ಟಿಯಲ್ಲಿ ಇಲ್ಲದ ಶುಲ್ಕವನ್ನ ನಿನ್ನ ಒಪ್ಪಿಗೆ ಇಲ್ಲದೆ ಆಮೇಲೆ ಹಾಕೋ ಹಾಗಿಲ್ಲ. ಮುಂಚೆ ತೀರಿಸೋ ಶುಲ್ಕ ಎಪಿಆರ್‌ನಲ್ಲಿ ಸೇರಿರಲ್ಲ, ಅದನ್ನ ಬೇರೆ ಸಾಲಿನಲ್ಲಿ ಹುಡುಕಬೇಕು.

ತಮ್ಮ: ಕಾರ್ಡಿನವರೂ ಇದನ್ನ ಕೊಡಬೇಕಲ್ಲ?

ಅಕ್ಕ: ಕಾರ್ಡ್ ಬಾಕಿಗೆ ಆ ಸುತ್ತೋಲೆ ಅನ್ವಯಿಸಲ್ಲ. ಅದಕ್ಕೇ ಕಾರ್ಡಿನ ಲೆಕ್ಕ ಯಾವತ್ತೂ ನಾವೇ ಹಾಕ್ಕೋಬೇಕು. 1.18ರಿಂದ ಗುಣಿಸು, ಫೀ ಸೇರಿಸು, ನೇರ ದುಡ್ಡಿಗೆ ಸಿಗ್ತಿದ್ದ ರಿಯಾಯಿತಿ ಸೇರಿಸು.

ತಮ್ಮ: ನಾಳೆ ಎರಡನೇ ಶಿಫ್ಟು. ಬೆಳಗ್ಗೆ ಬ್ಯಾಂಕಿಗೆ ಹೋಗಿ ಕೆಎಫ್‌ಎಸ್ ತಗೊಂಡು, ಹಾಗೇ ಅಂಗಡಿಗೂ ಹೋಗಿ 97 ಸಾವಿರದ ಬಿಲ್ಲನ್ನ ಬರೆಸ್ಕೊಂಡು ಬರ್ತೀನಿ. ಬಾಯಿಮಾತಲ್ಲಿ ಬೇಡ.

ಅಕ್ಕ: ಕೆಎಫ್‌ಎಸ್‌ನ ಫೋಟೋ ತೆಗೆದು ನನಗೆ ಕಳಿಸು. ಭಾಗಶಃ ಕಟ್ಟೋ ಷರತ್ತು ಎಷ್ಟನೇ ಕಂತಿನಿಂದ ಅಂತ ಅದರಲ್ಲೇ ನೋಡೋಣ. ಅಮ್ಮನ ಮುಂದಿನ ಹುಳು ಯಾವಾಗ ಹಣ್ಣಾಗುತ್ತೆ ಅಂತಲೂ ಕೇಳಿಟ್ಕೋ, ಸ್ಟ್ಯಾಂಡು ಅಷ್ಟರೊಳಗೆ ಬರಬೇಕಲ್ಲ.